ಶುಕ್ರವಾರ ಸಂಜೆ 4ರೊಳಗೆ: ಮಂಡ್ಯದ ಬೆಲ್ಲದ ಯುನಿಟ್ ಬರೆದ ಒಂದು ಮೇಲ್

ಮಂಡ್ಯದ ಹತ್ತಿರ ಆಲೆಮನೆ ಪಕ್ಕದಲ್ಲೇ ಒಂದು ಸಣ್ಣ ಬೆಲ್ಲದ ಪುಡಿ ಯುನಿಟ್ ಇದೆ. ಮಾಲೀಕರಿಗೆ ಕಬ್ಬು, ಪಾಕ, ಹದ ಎಲ್ಲ ಗೊತ್ತು. ಮೇಲ್, ಬಿಲ್, ಜಿಎಸ್‌ಟಿ ಇವನ್ನೆಲ್ಲ ನೋಡಿಕೊಳ್ಳುವುದು ಅವರ ಅಣ್ಣನ ಮಗಳು. ಬಿಕಾಂ ಮುಗಿಸಿದ ಹುಡುಗಿ, ಚುರುಕು. 2025ರ ಆಗಸ್ಟ್‌ನಲ್ಲಿ ಇವರಿಗೆ ಒಳ್ಳೆಯ ಆರ್ಡರ್ ಸಿಕ್ಕಿತು. ಮೈಸೂರಿನಲ್ಲಿ ಹಲವು ದಿನಸಿ ಅಂಗಡಿಗಳನ್ನು ನಡೆಸುವ ಒಂದು ಸಂಸ್ಥೆ, ದೀಪಾವಳಿಗೆ ತನ್ನ ಹೆಸರಿನಲ್ಲೇ ಅರ್ಧ ಕೆಜಿ ಬೆಲ್ಲದ ಪುಡಿ ಪ್ಯಾಕೆಟ್ ಮಾಡಿಕೊಡಿ ಎಂದು ಕೇಳಿತ್ತು. ಬೆಲ್ಲ ಇವರದು, ಪೌಚ್ ಮೇಲಿನ ಹೆಸರು ಅವರದು.

ನಾನು ಮೈಸೂರಿನಲ್ಲಿ ಇಂಥ ಸಣ್ಣ ಉದ್ದಿಮೆಗಳ ಪತ್ರವ್ಯವಹಾರ ತಿದ್ದಿಕೊಡುವ ಕೆಲಸ ಮಾಡುತ್ತೇನೆ. ಈ ಪ್ರಕರಣ ನನ್ನ ಹತ್ತಿರ ಬಂದಾಗ ಆಗಲೇ ಒಂದು ವಾರ ಸುಮ್ನೆ ಕಳೆದುಹೋಗಿತ್ತು. ಬೆಲ್ಲದಲ್ಲಿ ತೊಂದರೆ ಇರಲಿಲ್ಲ, ದರದಲ್ಲೂ ಇರಲಿಲ್ಲ. ಕಳಿಸಿದ್ದ ಮೇಲ್‌ನ ಕೊನೆಯ ಕೆಲವು ಸಾಲುಗಳಲ್ಲಿ ಇತ್ತು.

ಮೊದಲ ಮೇಲ್

ಸೆಪ್ಟೆಂಬರ್ 1, ಸೋಮವಾರ ಹೋದ ಮೇಲ್ ಇದು. ಸಂಸ್ಥೆಯ ಖರೀದಿ ಮ್ಯಾನೇಜರ್‌ಗೆ ಬರೆದದ್ದು.

> ವಿಷಯ: ಬೆಲ್ಲದ ಪುಡಿ ಬಗ್ಗೆ
>
> ಸರ್, ನಮಸ್ಕಾರ. ಮೊನ್ನೆ ಮಾತಾಡಿದ ಹಾಗೆ ಪೌಚ್ ಡಿಸೈನ್ ಕಳಿಸುತ್ತಿದ್ದೇವೆ. ಮೂರು ಪಿಡಿಎಫ್ ಇವೆ, ನೋಡಿ ಅಭಿಪ್ರಾಯ ತಿಳಿಸಿ. ಬಾರ್‌ಕೋಡ್ ನಂಬರ್ ನಿಮ್ಮ ಕಡೆಯಿಂದ ಬರಬೇಕಿದೆ. ಅಡ್ವಾನ್ಸ್ ವಿಷಯ ಅಕೌಂಟ್ಸ್‌ನವರಿಗೆ ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ. ಯಾವ ಅಂಗಡಿಗೆ ಎಷ್ಟು ಮಾಲು ಎಂಬ ಪಟ್ಟಿಯೂ ಬೇಕಾಗುತ್ತದೆ. ಸ್ಯಾಂಪಲ್ ರುಚಿ ಹೇಗಿತ್ತು ಸರ್? ದೀಪಾವಳಿ ಹತ್ತಿರ ಬರುತ್ತಿದೆ. ನಿಮಗೆ ಅನುಕೂಲವಾದಾಗ ದಯವಿಟ್ಟು ಆದಷ್ಟು ಬೇಗ ತಿಳಿಸಿ.

ಓದಲು ಇದು ಕೆಟ್ಟ ಮೇಲ್ ಅಲ್ಲ. ಮರ್ಯಾದೆ ಇದೆ, ಸುತ್ತಿ ಬಳಸಿ ಹೇಳಿದ್ದೂ ಇಲ್ಲ. ಆದರೆ ಇದರಲ್ಲಿ ಐದು ಕೋರಿಕೆಗಳಿವೆ. ಡಿಸೈನ್ ನೋಡಬೇಕು, ಬಾರ್‌ಕೋಡ್ ಕೊಡಬೇಕು, ಅಡ್ವಾನ್ಸ್‌ಗೆ ಹೇಳಬೇಕು, ಪಟ್ಟಿ ಕಳಿಸಬೇಕು, ರುಚಿ ತಿಳಿಸಬೇಕು. ಐದರಲ್ಲಿ ಯಾವುದಕ್ಕೂ ತಾರೀಕಿಲ್ಲ. ಕೊನೆಯ ಸಾಲಿನಲ್ಲಿ ‘ಅನುಕೂಲವಾದಾಗ’ ಮತ್ತು ‘ಆದಷ್ಟು ಬೇಗ’ ಎರಡೂ ಒಟ್ಟಿಗೆ ಇವೆ. ಓದಿದವರು ತಮಗೆ ಬೇಕಾದದ್ದನ್ನು ಹಿಡಿದುಕೊಳ್ಳುತ್ತಾರೆ.

4ನೇ ತಾರೀಕು ಗುರುವಾರ ಸಂಜೆ ಒಂದು ನೆನಪಿನ ಮೇಲ್ ಹೋಯಿತು: ‘ಸರ್, ಹಿಂದಿನ ಮೇಲ್ ನೋಡಿದಿರಾ?’ ಮರುದಿನ ಈದ್ ಮಿಲಾದ್ ರಜೆ. ಶನಿವಾರ ಉತ್ತರ ಬಂತು.

> ಸ್ಯಾಂಪಲ್ ಚೆನ್ನಾಗಿದೆ. ಮನೆಯಲ್ಲೂ ಎಲ್ಲರಿಗೂ ಇಷ್ಟವಾಯಿತು. ಡಿಸೈನ್ ನೋಡುತ್ತೇವೆ. ಥ್ಯಾಂಕ್ಸ್.

ಈ ಉತ್ತರವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಐದು ಕೋರಿಕೆಗಳಲ್ಲಿ ಅವರು ಉತ್ತರ ಕೊಟ್ಟದ್ದು ಎಲ್ಲಕ್ಕಿಂತ ಸುಲಭವಾದ ಒಂದಕ್ಕೆ. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ, ಫೈಲ್ ತೆರೆಯಬೇಕಿಲ್ಲ. ಉತ್ತರ ಕೊಟ್ಟಾಯಿತು ಎಂಬ ಸಮಾಧಾನವೂ ಅವರಿಗಾಯಿತು. ಒಂದೇ ಮೇಲ್‌ನಲ್ಲಿ ಹಲವು ಕೋರಿಕೆ ಇಟ್ಟಾಗ ಎದುರಾಗುವ ತೊಂದರೆ ಬಹುಪಾಲು ಇದೇ. ಉತ್ತರವೇ ಬಾರದಿದ್ದರೆ ಫೋನಾದರೂ ಮಾಡುತ್ತೀರಿ. ಹೀಗೆ ಅರ್ಧ ಉತ್ತರ ಬಂದರೆ ಕೆಲಸ ಸಾಗುತ್ತಿದೆ ಅನ್ನಿಸಿಬಿಡುತ್ತದೆ. ಯುನಿಟ್‌ನಲ್ಲೂ ಹಾಗೇ ಆಯಿತು. ‘ಇಷ್ಟ ಆಯ್ತಂತೆ ಕಣವ್ವ, ಇನ್ನೇನು’ ಎಂದು ಚಿಕ್ಕಪ್ಪ ಖುಷಿಪಟ್ಟರಂತೆ. ಹುಡುಗಿಗೆ ಮಾತ್ರ ಕಸಿವಿಸಿ. ಸೋಮವಾರ ನನಗೆ ಫೋನ್ ಮಾಡಿದಳು.

ತಾರೀಕು ಎಲ್ಲಿಂದ ಬಂತು

ನಾನು ಮೊದಲು ಕೇಳಿದ್ದು ಮೇಲ್ ಬಗ್ಗೆ ಅಲ್ಲ. ‘ನಿಮಗೆ ಪೌಚ್ ಯಾವತ್ತು ಕೈಗೆ ಸಿಗಬೇಕು?’ ಎಂದು ಕೇಳಿದೆ. ‘ಬೇಗ ಸಿಗಬೇಕು ಸರ್’ ಅಂದಳು. ಬರೆಯುವವರಿಗೇ ತಾರೀಕು ಗೊತ್ತಿಲ್ಲದಿದ್ದಾಗ ಮೇಲ್‌ನಲ್ಲಿ ‘ಆದಷ್ಟು ಬೇಗ’ ಎಂದು ಬರುತ್ತದೆ. ಅವಸರದ ಮಾತಿನ ಹಾಗೆ ಕಂಡರೂ ಎಷ್ಟೋ ಸಲ ಅದು ಲೆಕ್ಕ ಹಾಕದ್ದರ ಗುರುತು. ಹಾಗಾಗಿ ಇಬ್ಬರೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸಿದೆವು.

ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಹಬ್ಬದ ಸಾಮಾನು ಒಂದು ವಾರ ಮುಂಚೆ ಅಂಗಡಿಯ ಕಪಾಟಿನಲ್ಲಿ ಇರಬೇಕು ಎಂದು ಸಂಸ್ಥೆಯವರೇ ಹೇಳಿದ್ದರು. ಅಂದರೆ ಅಕ್ಟೋಬರ್ 13, ಸೋಮವಾರ. ಬೆಲ್ಲದ ಪುಡಿ ತುಂಬಿ, ಸೀಲ್ ಮಾಡಿ, ಪೆಟ್ಟಿಗೆಗೆ ಹಾಕಲು ಯುನಿಟ್‌ಗೆ ಒಂದು ವಾರ ಬೇಕು. ಹಾಗಾದರೆ ಪೌಚ್ ಅಕ್ಟೋಬರ್ 3ರ ಹೊತ್ತಿಗೆ ಕೈಯಲ್ಲಿರಬೇಕು. ಆದರೆ ಅಕ್ಟೋಬರ್ 1 ಆಯುಧಪೂಜೆ, 2 ವಿಜಯದಶಮಿ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಆಯುಧಪೂಜೆ ದಿನ ಮಷಿನ್‌ಗೆ ಪೂಜೆ ಆಗುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ಊರಿಗೆ ಹೋದ ಕೆಲಸಗಾರರು ಮರಳುವುದು ಮುಂದಿನ ಸೋಮವಾರಕ್ಕೇ. ಆದ್ದರಿಂದ ಪೌಚ್ ಸೆಪ್ಟೆಂಬರ್ 29, 30ರಲ್ಲೇ ಪ್ರೆಸ್‌ನಿಂದ ಹೊರಡಬೇಕು.

ಇನ್ನೂ ಹಿಂದಕ್ಕೆ ಹೋಗೋಣ. ಇಂಥ ಪೌಚ್‌ಗಳನ್ನು ಗ್ರೇವ್ಯೂರ್ ಪ್ರಿಂಟಿಂಗ್‌ನಲ್ಲಿ ಮಾಡುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಲೋಹದ ಸಿಲಿಂಡರ್. ತಾಮ್ರದ ಪದರದ ಮೇಲೆ ಡಿಸೈನ್ ಕೆತ್ತಿ, ಮೇಲೆ ಕ್ರೋಮ್ ಲೇಪಿಸುತ್ತಾರೆ. ಪ್ರಿಂಟ್ ಆದ ಫಿಲ್ಮನ್ನು ಇನ್ನೊಂದು ಫಿಲ್ಮ್‌ಗೆ ಅಂಟಿಸಬೇಕು, ಅಂಟು ಗಟ್ಟಿಯಾಗಲು ಬಿಡಬೇಕು, ಆಮೇಲೆ ಕತ್ತರಿಸಿ ಪೌಚ್ ಮಾಡಬೇಕು. ಇವರ ಪ್ರೆಸ್‌ನವರು ಸಿಲಿಂಡರ್‌ಗೆ ಒಂದು ವಾರ, ಪ್ರಿಂಟಿಂಗ್‌ನಿಂದ ಪೌಚ್‌ವರೆಗೆ ಇನ್ನೊಂದು ವಾರ ಎಂದು ಹೇಳಿದ್ದರು. ಎಣಿಸಿದರೆ ಸಿಲಿಂಡರ್ ಕೆಲಸ ಸೆಪ್ಟೆಂಬರ್ 15, ಸೋಮವಾರ ಶುರುವಾಗಲೇಬೇಕು.

ಸಿಲಿಂಡರ್ ಒಮ್ಮೆ ಕೆತ್ತಿದ ಮೇಲೆ ಒಂದು ಅಕ್ಷರ ತಪ್ಪಿದರೂ ಆ ಸಿಲಿಂಡರನ್ನು ಮತ್ತೆ ಮಾಡಿಸಬೇಕು. ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಸಿದ ದಿನ ಇವನ್ನು ಪ್ಯಾಕ್ ಮಾಡುವಾಗ ಇಂಕ್‌ಜೆಟ್‌ನಲ್ಲಿ ಹೊಡೆಯಬಹುದು. ತೂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ವಿಳಾಸ, ಗ್ರಾಹಕರು ದೂರು ಹೇಳಲು ಫೋನ್ ನಂಬರ್, ಬಾರ್‌ಕೋಡ್ ಎಲ್ಲ ಸಿಲಿಂಡರ್‌ನಲ್ಲೇ ಕೂರುತ್ತವೆ. ಹೀಗಾಗಿ ಸಂಸ್ಥೆಯವರು ಲಿಖಿತವಾಗಿ ಒಪ್ಪದೆ ಫೈಲನ್ನು ಮುಂದಕ್ಕೆ ಕಳಿಸುವ ಹಾಗಿಲ್ಲ. ಅವರು ಏನಾದರೂ ತಿದ್ದಲು ಹೇಳಿದರೆ ಡಿಸೈನರ್‌ಗೆ ಒಂದು ದಿನ ಬೇಕು. ಆ ದಿನ ಶನಿವಾರ, 13. ಹಾಗಾದರೆ ಉತ್ತರ ಬರಬೇಕಾದದ್ದು ಶುಕ್ರವಾರ, ಸೆಪ್ಟೆಂಬರ್ 12.

ತಾರೀಕು ಸಿಕ್ಕಿತು. ಅದರ ಜೊತೆ ಆ ತಾರೀಕಿಗೆ ಕಾರಣವೂ ಸಿಕ್ಕಿತು. ಕಾರಣವಿಲ್ಲದ ತಾರೀಕನ್ನು ಓದುವವರು ಬೇಗ ಪತ್ತೆ ಹಚ್ಚುತ್ತಾರೆ. ಶುಕ್ರವಾರ ಅಂತ ಬರೆದು, ಅದು ಕಳೆದ ಮೇಲೆ ‘ಪರವಾಗಿಲ್ಲ, ಸೋಮವಾರ ಕೊಡಿ’ ಅಂದರೆ ಮುಂದಿನ ಸಲ ನಿಮ್ಮ ಯಾವ ತಾರೀಕಿಗೂ ಬೆಲೆ ಇರುವುದಿಲ್ಲ.

ಐದರಲ್ಲಿ ಯಾವುದು?

‘ಎಲ್ಲವೂ ಬೇಕು ಸರ್, ಒಂದನ್ನೇ ಕೇಳು ಅಂದರೆ ಹೇಗೆ?’ ಎಂದು ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಎಲ್ಲವೂ ಬೇಕು ನಿಜ. ಆದರೆ ಒಂದೇ ದಿನ ಬೇಡ, ಒಬ್ಬರಿಂದಲೇ ಬೇಡ. ಅಡ್ವಾನ್ಸ್ ಅಕೌಂಟ್ಸ್‌ನವರ ಕೆಲಸ. ಅಂಗಡಿಗಳ ಪಟ್ಟಿ ಮಾಲು ಲಾರಿಗೆ ಏರುವಾಗ ಬೇಕು, ಅದು ಅಕ್ಟೋಬರ್‌ನ ಮಾತು. ರುಚಿ ಕೇಳುವುದಂತೂ ಫೋನಿನಲ್ಲಿ ಆಗುವ ಮಾತು. ಯಾವುದು ನಿಂತರೆ ಉಳಿದೆಲ್ಲ ನಿಲ್ಲುತ್ತದೋ ಅದು ಡಿಸೈನ್ ಒಪ್ಪಿಗೆ.

ಆದರೆ ಬಾರ್‌ಕೋಡ್ ಇಲ್ಲಿ ಅಡ್ಡ ಬಂತು. ಡಿಸೈನ್‌ನಲ್ಲಿ ಬಾರ್‌ಕೋಡ್ ಜಾಗ ಖಾಲಿ ಇತ್ತು. ಖಾಲಿ ಇರುವ ಡಿಸೈನ್‌ಗೆ ಒಪ್ಪಿಗೆ ಪಡೆದು ಏನು ಮಾಡುವುದು? ಒಪ್ಪಿಗೆಯನ್ನೂ ಬಾರ್‌ಕೋಡನ್ನೂ ಒಟ್ಟಿಗೆ ಕೇಳಿದರೆ ಕೋರಿಕೆ ಎರಡಾಗುತ್ತದೆ. ಮ್ಯಾನೇಜರ್ ‘ಬಾರ್‌ಕೋಡ್ ಸಿಕ್ಕಿದ ಮೇಲೆ ಎರಡೂ ಒಟ್ಟಿಗೆ ಕಳಿಸೋಣ’ ಎಂದು ಪಕ್ಕಕ್ಕಿಡುತ್ತಾರೆ. ಇಂಥ ಕಡೆ ಮೇಲ್ ಬರೆಯುವುದಕ್ಕೆ ಮುಂಚೆಯೇ ಒಂದನ್ನು ಬೇರೆ ದಾರಿಯಿಂದ ಮುಗಿಸಿಕೊಳ್ಳಬೇಕು. ಬಾರ್‌ಕೋಡ್ ನಂಬರ್ ಇರುವುದು ಮ್ಯಾನೇಜರ್ ಹತ್ತಿರ ಅಲ್ಲ, ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುವವರ ಹತ್ತಿರ. ಹುಡುಗಿ ಸೋಮವಾರ ಮಧ್ಯಾಹ್ನ ಅಂಗಡಿಗೆ ಫೋನ್ ಮಾಡಿ ಅವರನ್ನೇ ಹಿಡಿದಳು. 890ರಿಂದ ಶುರುವಾಗುವ 13 ಅಂಕಿಯ ನಂಬರ್ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಬಂತು. ಡಿಸೈನರ್ ಅದನ್ನು ಸೇರಿಸಿದರು. ಈಗ ಮೇಲ್‌ನಲ್ಲಿ ಕೇಳಲು ನಿಜವಾಗಿಯೂ ಒಂದೇ ಉಳಿಯಿತು.

ಜನ ಹೆಚ್ಚಾಗಿ ಎಡವುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಕೋರಿಕೆ ಒಂದೇ ಇರಲಿ ಎಂದಾಗ ಉಳಿದ ನಾಲ್ಕನ್ನು ಅದೇ ವಾಕ್ಯದೊಳಗೆ ತುರುಕುತ್ತಾರೆ: ‘ಡಿಸೈನ್ ನೋಡಿ, ಬಾರ್‌ಕೋಡ್ ಸಹಿತ ಒಪ್ಪಿಗೆ ಮತ್ತು ಅಡ್ವಾನ್ಸ್ ವಿವರ ಕಳಿಸಿ.’ ವಾಕ್ಯ ಒಂದು, ಕೆಲಸ ಮೂರು. ಇದನ್ನು ಕಂಡುಹಿಡಿಯುವುದು ಸುಲಭ. ಓದಿದವರು ಎದ್ದು ಇನ್ನೊಬ್ಬರ ಟೇಬಲ್‌ಗೆ ಹೋಗಬೇಕೇ ಎಂದು ನೋಡಿ. ಹೋಗಬೇಕಾದರೆ ಅದು ಇನ್ನೊಂದು ಕೋರಿಕೆ, ಅದಕ್ಕೆ ಇನ್ನೊಂದು ಮೇಲ್.

ಎರಡನೆಯ ಮೇಲ್

ಸೆಪ್ಟೆಂಬರ್ 9, ಮಂಗಳವಾರ ಬೆಳಿಗ್ಗೆ ಹೋದ ಮೇಲ್ ಹೀಗಿತ್ತು.

> ವಿಷಯ: ಸೆಪ್ಟೆಂಬರ್ 12, ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಬೇಕು: ಬೆಲ್ಲದ ಪುಡಿ ಪೌಚ್ ಡಿಸೈನ್
>
> ಸರ್, ನಮಸ್ಕಾರ.
>
> ಅರ್ಧ ಕೆಜಿ ಪೌಚ್‌ನ ಕೊನೆಯ ಡಿಸೈನ್ ಇದರ ಜೊತೆ ಇದೆ. ಫೈಲ್ ಹೆಸರು `pouch_500g_v4.pdf`. ಹಿಂದೆ ಕಳಿಸಿದ ಮೂರು ಫೈಲ್‌ಗಳನ್ನು ಬಿಟ್ಟುಬಿಡಿ. ನಿಮ್ಮ ಬಿಲ್ಲಿಂಗ್‌ನವರು ಕೊಟ್ಟ ಬಾರ್‌ಕೋಡ್ ಇದರಲ್ಲಿ ಸೇರಿದೆ.
>
> ಸಿಲಿಂಡರ್ ಕೆಲಸ ಸೋಮವಾರ, ಸೆಪ್ಟೆಂಬರ್ 15ಕ್ಕೆ ಶುರುವಾದರೆ ಆಯುಧಪೂಜೆ ರಜೆಗೆ ಮುಂಚೆ ಪೌಚ್ ಬರುತ್ತದೆ, ಅಕ್ಟೋಬರ್ 13ಕ್ಕೆ ಮಾಲು ನಿಮ್ಮ ಅಂಗಡಿಗಳಲ್ಲಿ ಇರುತ್ತದೆ. ತಿದ್ದುಪಡಿ ಇದ್ದರೆ ಮಾಡಿಸಲು ನಮಗೆ ಶನಿವಾರ ಒಂದು ದಿನ ಬೇಕು. ಈ ವಾರ ತಪ್ಪಿದರೆ ಪೌಚ್ ಬರುವುದು ಅಕ್ಟೋಬರ್ 10ರ ಸುಮಾರಿಗೆ. ಆಗ ದೀಪಾವಳಿ ವ್ಯಾಪಾರಕ್ಕೆ ಮಾಲು ಒದಗಿಸುವುದು ಕಷ್ಟ.
>
> ದಯವಿಟ್ಟು ಶುಕ್ರವಾರ, ಸೆಪ್ಟೆಂಬರ್ 12ರ ಸಂಜೆ 4 ಗಂಟೆಯೊಳಗೆ ಈ ಮೇಲ್‌ಗೆ ‘ಒಪ್ಪಿಗೆ’ ಎಂದು ಉತ್ತರಿಸಿ. ಬದಲಾಗಬೇಕಾದದ್ದು ಇದ್ದರೆ ಅದನ್ನೇ ಬರೆದು ಕಳಿಸಿ.

ಇದರ ಕೆಳಗೆ ಹುಡುಗಿಯ ಹೆಸರು, ಫೋನ್ ನಂಬರ್ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲಿನ ಮೇಲ್‌ನಲ್ಲಿ ಹೆಸರಿನ ಕೆಳಗೆ ಹಬ್ಬದ ಶುಭಾಶಯದ ಚಿತ್ರ, ಯುನಿಟ್‌ನ ಲೋಗೋ, ಎಲ್ಲ ಉತ್ಪನ್ನಗಳ ಪಟ್ಟಿ ಇತ್ತು. ಫೋನಿನಲ್ಲಿ ಓದುವವರು ಕೊನೆಗೆ ನೋಡುವುದು ಅದನ್ನೇ. ಕೋರಿಕೆ ಮಧ್ಯದಲ್ಲಿ ಮುಳುಗಿಹೋಗಿತ್ತು.

ಚಿಕ್ಕಪ್ಪನಿಗೆ ಈ ಮೇಲ್ ಹಿಡಿಸಲಿಲ್ಲ. ಹುಡುಗಿ ಓದಿ ಹೇಳಿದಾಗ ಅವರು ಅಂದದ್ದು: ‘ಇಷ್ಟು ಕಡ್ಡಿ ಮುರಿದಂಗೆ ಬರುದ್ರೆ ಅವ್ರು ಬೇಜಾರು ಮಾಡ್ಕಳಲ್ವೇನವ್ವ? ದೊಡ್ಡೋರು, ಟೈಮು ನಾವು ಹೇಳದಾ?’ ಈ ಅಳುಕನ್ನು ನಾನು ಮಂಡ್ಯ, ಮೈಸೂರಿನ ಕಡೆ ಬಹಳ ನೋಡಿದ್ದೇನೆ. ನಮ್ಮಲ್ಲಿ ಕೊಂಡುಕೊಳ್ಳುವವರಿಗೆ ಗಡುವು ಹೇಳುವುದು ಸೊಕ್ಕು ಅನ್ನಿಸುತ್ತದೆ. ಆದರೆ ಮೇಲ್‌ನಲ್ಲಿ ಮರ್ಯಾದೆ ಇರುವ ಜಾಗ ಬೇರೆ. ‘ನಮಸ್ಕಾರ’ದಲ್ಲಿದೆ, ‘ದಯವಿಟ್ಟು’ವಿನಲ್ಲಿದೆ, ‘ಉತ್ತರಿಸಿ’ ಎಂಬ ಬಹುವಚನದಲ್ಲಿದೆ. ತಾರೀಕು ತೆಗೆದರೆ ಮರ್ಯಾದೆ ಹೆಚ್ಚುವುದಿಲ್ಲ. ಓದುವವರಿಗೆ ಊಹೆ ಮಾಡುವ ಕೆಲಸ ಹೆಚ್ಚುತ್ತದೆ, ಅಷ್ಟೇ. ಮದುವೆ ಕರೆಯೋಲೆಯಲ್ಲಿ ಮುಹೂರ್ತ ಗಂಟೆ–ನಿಮಿಷ ಸಮೇತ ಬರೆದಿರುತ್ತೇವೆ, ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ ಅಲ್ವಾ?

ಇನ್ನೊಂದು ಸಲಹೆ ಪ್ರೆಸ್‌ನವರಿಂದ ಬಂದಿತ್ತು. ‘ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆ ಎಂದು ತಿಳಿಯುತ್ತೇವೆ’ ಎಂದು ಬರೆದುಬಿಡಿ, ಕೆಲಸ ಸಲೀಸು ಎಂದರಂತೆ. ಕೆಲವು ಕಡೆ ಇದು ನಡೆಯುತ್ತದೆ. ಮೀಟಿಂಗ್ ಟಿಪ್ಪಣಿಗೆ, ಊಟದ ಮೆನುವಿಗೆ ಹೀಗೆ ಬರೆದರೆ ತಪ್ಪಿಲ್ಲ, ತಪ್ಪಾದರೂ ಸರಿಮಾಡಬಹುದು. ಇಲ್ಲಿ ಬೇಡ ಎಂದೆ. ಸಿಲಿಂಡರ್ ಕೆತ್ತಿದ ಮೇಲೆ ಹಿಂದಕ್ಕೆ ಬರಲಾಗದು. ನಾಳೆ ಪೌಚ್ ಮೇಲೆ ತಪ್ಪು ಕಂಡರೆ ‘ನಾವು ಒಪ್ಪಲೇ ಇಲ್ಲವಲ್ಲ’ ಎಂದು ಅವರು ಹೇಳುತ್ತಾರೆ, ಆ ಮಾತೇ ಗೆಲ್ಲುತ್ತದೆ. ಸುಮ್ಮನಿದ್ದದ್ದು ಒಪ್ಪಿಗೆ ಎಂದು ವಾದ ಮಾಡಿ ಖರ್ಚು ವಸೂಲಿ ಮಾಡುವುದು ಯಾವ ಸಣ್ಣ ಯುನಿಟ್‌ಗೂ ಆಗದ ಕೆಲಸ. ಅದಕ್ಕೇ ಮೇಲ್‌ನಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಿದೆವು. ಹೆದರಿಸುವ ಮಾತಲ್ಲ ಅದು, ಕ್ಯಾಲೆಂಡರ್‌ನಲ್ಲಿ ಇರುವುದೇ.

ತಾರೀಕು ಬರೆದ ರೀತಿಯ ಬಗ್ಗೆಯೂ ಒಂದು ಮಾತು. ವಾರದ ಹೆಸರು, ತಿಂಗಳ ಹೆಸರು, ತಾರೀಕು ಮೂರೂ ಇವೆ. ಬರೀ 12/9 ಎಂದು ಬರೆದರೆ ಡಿಸೆಂಬರ್ 9 ಎಂದು ಓದುವ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗಳಿವೆ. ‘ಬರುವ ಶುಕ್ರವಾರ’ ಎಂದರೆ ಮೇಲನ್ನು ಯಾವತ್ತು ತೆರೆದರು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ವಾರ ಮತ್ತು ತಾರೀಕು ಎರಡೂ ಇದ್ದರೆ ಬರೆಯುವವರಿಗೂ ಒಂದು ಕಾವಲು. ಎರಡೂ ಹೊಂದದಿದ್ದರೆ ಕಳಿಸುವ ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಸಂಜೆ 4 ಎಂದು ಹಾಕಿದ್ದಕ್ಕೂ ಕಾರಣವಿತ್ತು. ಡಿಸೈನರ್ 6ಕ್ಕೆ ಮನೆಗೆ ಹೊರಡುತ್ತಾರೆ. ತಿದ್ದುಪಡಿ ಬಂದರೆ ಅವರು ಹೊರಡುವ ಮುಂಚೆ ಫೈಲ್ ಅವರ ಕೈ ಸೇರಬೇಕು.

ಏನಾಯಿತು

ಮಂಗಳವಾರ, ಬುಧವಾರ ಉತ್ತರವಿಲ್ಲ. ಗುರುವಾರ ಬೆಳಿಗ್ಗೆ ಅದೇ ಮೇಲ್‌ಗೆ ಒಂದೇ ಸಾಲಿನ ನೆನಪು ಹೋಯಿತು: ‘ಸರ್, ಪೌಚ್ ಡಿಸೈನ್‌ಗೆ ನಿಮ್ಮ ಒಪ್ಪಿಗೆ ನಾಳೆ, ಶುಕ್ರವಾರ, ಸೆಪ್ಟೆಂಬರ್ 12ರ ಸಂಜೆ 4ರೊಳಗೆ ಬೇಕು.’ ಹೊಸ ವಿಷಯ ಇಲ್ಲ, ಹೊಸ ತಾರೀಕೂ ಇಲ್ಲ. ನೆನಪಿನ ಮೇಲ್‌ನಲ್ಲಿ ಜನ ಸಾಮಾನ್ಯವಾಗಿ ಇನ್ನೊಂದು ಕೋರಿಕೆ ಸೇರಿಸಿಬಿಡುತ್ತಾರೆ. ‘ಹಾಗೇ ಅಡ್ವಾನ್ಸ್ ಕೂಡ’ ಎಂದು ಬರೆಯಲು ಹುಡುಗಿಯ ಬೆರಳೂ ತುರಿಸಿತಂತೆ. ಬರೆಯಲಿಲ್ಲ.

ಒಂದು ಗಂಟೆಯಲ್ಲಿ ಉತ್ತರ ಬಂತು. ಒಪ್ಪಿಗೆಯಲ್ಲ. ‘ಡಿಸೈನ್ ಫೈನಲ್ ಮಾಡುವುದು ನಮ್ಮ ಮಾಲೀಕರು. ಅವರಿಗೆ ಕಳಿಸಿದ್ದೇನೆ’ ಎಂದು ಬರೆದು, ಮ್ಯಾನೇಜರ್ ಆ ಮೇಲನ್ನು ಹಾಗೇ ಮಾಲೀಕರಿಗೆ ದಾಟಿಸಿದ್ದರು. ಅಂದರೆ ಹತ್ತು ದಿನದಿಂದ ಇವರು ಒಪ್ಪಿಗೆ ಕೇಳುತ್ತಿದ್ದದ್ದು ಒಪ್ಪಿಗೆ ಕೊಡುವ ಅಧಿಕಾರವೇ ಇಲ್ಲದವರ ಹತ್ತಿರ. ಮೊದಲ ಮೇಲ್‌ನಲ್ಲಿ ಇದು ಹೊರಗೆ ಬರಲೇ ಇಲ್ಲ. ‘ಅಭಿಪ್ರಾಯ ತಿಳಿಸಿ’ ಎಂದಾಗ ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದು. ‘ಶುಕ್ರವಾರ 4ರೊಳಗೆ ಒಪ್ಪಿಗೆ’ ಎಂದಾಗ ಇದು ನನ್ನ ಕೈಲಿ ಆಗುವುದಲ್ಲ ಎಂದು ಅವರೇ ಹೇಳಬೇಕಾಯಿತು. ಇಂಥ ಮೇಲ್‌ನಿಂದ ಸಿಗುವ ಈ ಉಪಯೋಗವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳಿದ ಉತ್ತರ ಸಿಗದಿದ್ದರೂ ಯಾರನ್ನು ಕೇಳಬೇಕು ಎಂಬುದು ಸಿಗುತ್ತದೆ.

ಮೇಲ್ ಹಾಗೇ ದಾಟಿ ಹೋದದ್ದೂ ಅನುಕೂಲವೇ ಆಯಿತು. ಮಾಲೀಕರಿಗೆ ಹಿಂದಿನ ಯಾವ ಮಾತುಕತೆಯೂ ಗೊತ್ತಿರಲಿಲ್ಲ. ವಿಷಯದ ಸಾಲಿನಲ್ಲಿ ತಾರೀಕು, ಒಳಗೆ ಒಂದೇ ಫೈಲ್, ಕಾರಣ, ಕೊನೆಗೆ ಮಾಡಬೇಕಾದ ಕೆಲಸ ಇದ್ದದ್ದರಿಂದ ಅವರು ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಮೊದಲ ಮೇಲ್ ಹೀಗೆ ದಾಟಿ ಹೋಗಿದ್ದರೆ ಮೂರು ಪಿಡಿಎಫ್‌ಗಳಲ್ಲಿ ಯಾವುದು ಎಂಬಲ್ಲೇ ಅವರು ನಿಲ್ಲುತ್ತಿದ್ದರು.

ಶುಕ್ರವಾರ 4ಕ್ಕೆ ಸ್ವಲ್ಪ ಮುಂಚೆ ಮಾಲೀಕರ ಉತ್ತರ ಬಂತು. ‘ಹಿಂಬದಿಯ ಕಸ್ಟಮರ್ ಕೇರ್ ನಂಬರ್ ಹಳೆಯದು, ಈಗ ಬದಲಾಗಿದೆ. ಉಳಿದದ್ದು ಸರಿ ಇದೆ’ ಎಂದು ಹೊಸ ನಂಬರ್ ಕೊಟ್ಟಿದ್ದರು. ಸಿಲಿಂಡರ್ ಕೆತ್ತಿದ ಮೇಲೆ ಇದು ಗೊತ್ತಾಗಿದ್ದರೆ? ಆ ನಂಬರ್ ಇರುವ ಬಣ್ಣದ ಸಿಲಿಂಡರ್ ಮತ್ತೆ ಮಾಡಿಸಬೇಕಿತ್ತು, ದೀಪಾವಳಿಯ ಆಸೆ ಬಿಡಬೇಕಿತ್ತು.

ಡಿಸೈನರ್ ಶನಿವಾರ ಬೆಳಿಗ್ಗೆ ತಿದ್ದಿದರು. ಆಗ ಹೋದ ಮೇಲ್ ಇನ್ನೂ ಚಿಕ್ಕದು, ಈ ಸಲ ನೇರವಾಗಿ ಮಾಲೀಕರಿಗೆ, ಮ್ಯಾನೇಜರ್‌ಗೆ ಪ್ರತಿ.

> ಸರ್, ನಮಸ್ಕಾರ. ಹೊಸ ನಂಬರ್ ಹಾಕಿದ್ದೇವೆ, ಬೇರೇನೂ ಬದಲಿಸಿಲ್ಲ. ಫೈಲ್ `pouch_500g_v5.pdf`. ದಯವಿಟ್ಟು ಇಂದು, ಶನಿವಾರ, ಸೆಪ್ಟೆಂಬರ್ 13ರ ಸಂಜೆ 5ರೊಳಗೆ ‘ಒಪ್ಪಿಗೆ’ ಎಂದು ಉತ್ತರಿಸಿ.

ಒಂದೇ ದಿನದ ಗಡುವು ಸಾಮಾನ್ಯವಾಗಿ ಒಳ್ಳೆಯದಲ್ಲ. ಇಲ್ಲಿ ನಡೆಯಿತು, ಯಾಕೆಂದರೆ ನೋಡಬೇಕಾದದ್ದು ಒಂದು ಫೋನ್ ನಂಬರ್ ಮಾತ್ರ, ಶನಿವಾರ ಯಾಕೆ ಬೇಕು ಎಂಬುದು ಹಿಂದಿನ ಮೇಲ್‌ನಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ‘ಒಪ್ಪಿಗೆ’ ಬಂತು. ಸೋಮವಾರ ಸಿಲಿಂಡರ್ ಕೆಲಸ ಶುರುವಾಯಿತು.

ಅಡ್ವಾನ್ಸ್ ಮೇಲ್ ಯಾಕೆ ಸೋತಿತು

ಇಷ್ಟಾದ ಮೇಲೆ ಹುಡುಗಿಗೆ ಧೈರ್ಯ ಬಂತು. ಅಡ್ವಾನ್ಸ್ ಬಗ್ಗೆ ಅಕೌಂಟ್ಸ್‌ನವರಿಗೆ ಬೇರೆ ಮೇಲ್ ಬರೆದಳು. ಕೋರಿಕೆ ಒಂದೇ, ತಾರೀಕು ಖಚಿತ: ಗುರುವಾರ, ಸೆಪ್ಟೆಂಬರ್ 18ರೊಳಗೆ ಅಡ್ವಾನ್ಸ್ ಹಣ ಹಾಕಿ. ಪ್ರೆಸ್‌ನವರಿಗೆ ಕೊಡಬೇಕಾದ್ದರಿಂದ ಕಾರಣವೂ ಸರಿಯಾಗಿತ್ತು. 18 ಕಳೆಯಿತು, ಹಣ ಬರಲಿಲ್ಲ, ಉತ್ತರವೂ ಇಲ್ಲ.

ಫೋನ್ ಮಾಡಿದಾಗ ಅಕೌಂಟ್ಸ್ ಮೇಡಂ ಹೇಳಿದ್ದು: ‘ನಮ್ಮಲ್ಲಿ ಪೇಮೆಂಟ್ ಹೋಗೋದು ತಿಂಗಳಿಗೆ ಎರಡು ಸಲ ಅಷ್ಟೇ ಅಮ್ಮ, 10 ಮತ್ತು 25. ನೀವು 18 ಅಂತ ಬರೆದರೆ ನಾನೇನು ಮಾಡಲಿ?’ ಆ ತಾರೀಕು ಮೇಡಂ ಕ್ಯಾಲೆಂಡರ್‌ನಲ್ಲಿ ಇರಲೇ ಇಲ್ಲ. ಕೇಳಿದ್ದೂ ಅವರ ಕೈಯಲ್ಲಿ ಇರುವುದಲ್ಲ. ಹಣ ಹಾಕುವುದು ಬ್ಯಾಂಕ್ ದಿನದ ಕೆಲಸ. ಅವರು ಮಾಡುವುದು ಪಟ್ಟಿಗೆ ಹೆಸರು ಸೇರಿಸುವುದು, ಆ ಪಟ್ಟಿ ಎರಡು ದಿನ ಮುಂಚೆ ಮುಚ್ಚುತ್ತದೆ.

ಹಾಗಾಗಿ ಹೊಸ ಮೇಲ್‌ನ ಕೊನೆಯ ಸಾಲು ಬದಲಾಯಿತು.

> ಮೇಡಂ, ದಯವಿಟ್ಟು ಮಂಗಳವಾರ, ಸೆಪ್ಟೆಂಬರ್ 23ರೊಳಗೆ ನಮ್ಮ ಅಡ್ವಾನ್ಸ್ ಬಿಲ್ಲನ್ನು 25ನೇ ತಾರೀಕಿನ ಪೇಮೆಂಟ್ ಪಟ್ಟಿಗೆ ಸೇರಿಸಿ.

‘ಸೇರಿಸಿದ್ದೇನೆ’ ಎಂದು ಸೋಮವಾರವೇ ಉತ್ತರ ಬಂತು, 25ಕ್ಕೆ ಹಣವೂ ಬಂತು. ಮಧ್ಯದ ಒಂದು ವಾರ ಚಿಕ್ಕಪ್ಪ ಪ್ರೆಸ್‌ನವರಿಗೆ ಫೋನ್ ಮಾಡಿ ‘ಗುರುವಾರಕ್ಕೆ ಕೊಡ್ತೀನಿ ಕಣಣ್ಣ’ ಎಂದು ಸಾಲ ಹೇಳಿ ನಿಭಾಯಿಸಿದರು. ತಾರೀಕು ಹಾಕಿದ್ದರೂ ಉತ್ತರ ಬಾರದಿದ್ದರೆ ನಾನು ಈಗ ಮೊದಲು ನೋಡುವುದು ಇದನ್ನೇ: ಕೇಳಿದ ಕೆಲಸ ಅವರೊಬ್ಬರೇ ಮುಗಿಸಬಲ್ಲದ್ದೇ, ಆ ದಿನ ಅವರ ಕಡೆ ಆ ಕೆಲಸ ನಡೆಯುತ್ತದೆಯೇ. ಸರ್ಕಾರಿ ಕಚೇರಿಗಳಿಗೆ ಬರೆಯುವಾಗ ಇದು ಇನ್ನೂ ಗಟ್ಟಿ. ಅಲ್ಲಿ ಕಡತ ಸಾಗುವ ದಾರಿ ನಮ್ಮ ತಾರೀಕಿಗೆ ಬಗ್ಗುವುದಿಲ್ಲ. ‘ಕಡತ ಈಗ ಯಾರ ಹತ್ತಿರ ಇದೆ ಎಂದು ಇಂಥ ದಿನದೊಳಗೆ ತಿಳಿಸಿ’ ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ.

ಪೌಚ್ ಸೆಪ್ಟೆಂಬರ್ 30ರ ಸಂಜೆ ಮಂಡ್ಯಕ್ಕೆ ಬಂತು. ಅಂಗಡಿಗಳ ಪಟ್ಟಿಯ ಮೇಲ್ ದಸರಾ ಗದ್ದಲ ಮುಗಿಯುವ ತನಕ ಹೋಗಲಿಲ್ಲ. ಮೊದಲೇ ಕೇಳಿದ್ದರೂ ಮೈಸೂರಿನ ಅಂಗಡಿಯವರು ಆ ಹತ್ತು ದಿನ ತಲೆ ಎತ್ತುತ್ತಿರಲಿಲ್ಲ. ಅಕ್ಟೋಬರ್ 6, ಸೋಮವಾರ ಹೋಯಿತು, ಪಟ್ಟಿ ಬೇಕಾದದ್ದು 9, ಗುರುವಾರ ಮಧ್ಯಾಹ್ನ 1ರೊಳಗೆ. ಕೊನೆಯ ಸಾಲನ್ನು ಈ ಸಲ ಚಿಕ್ಕಪ್ಪನೇ ಪಕ್ಕದಲ್ಲಿ ಕೂತು ಹೇಳಿದರಂತೆ, ‘ಗಂಟೇನೂ ಬರಿ ಕಣವ್ವ, ಲಾರಿಯವ್ನಿಗೆ ಹೇಳ್ಬೇಕಲ್ಲ’ ಎಂದು.